ಈಚಲು ಮರದ ಮೇಲೆ ಹುಟ್ಟಿದ ಆಲ

ಬೆಂಗಳೂರಿನ ಹತ್ತಿರ ಕೇತೋಹಳ್ಳಿ ಅಂತ ಒಂದು ಊರು. ಅಲ್ಲೊಂದು ಮುದಿ ಆಲದ ಮರ. ಎಷ್ಟು ಮುದಿ ಗೊತ್ತಾ ಪುಟ್ಟಿ? ನಿನ್ನ ಅಜ್ಜಿಯ ಅಜ್ಜಿ ಹುಟ್ಟೋಕೆ ಮುಂಚೆಯೇ ಅದು ಮುದಿ ಮರವಾಗಿತ್ತು. ಸುಮಾರು 400 ವರ್ಷ ಆಗಿದೆ ಅಂತಾರೆ. ಎಲ್ಲರೂ ಅದನ್ನು ದೊಡ್ಡಾಲದ ಮರ ಅಂತಲೇ ಕರೆಯೋದು.

ಒಂದು ದಿನ ಆ ಮರದ ಕೊಂಬೆ ತುಂಬ ಕೆಂಪು ಕೆಂಪು ಹಣ್ಣು. ಎಲೆಯ ಬುಡದಲ್ಲಿ ಎರಡೆರಡು, ಎರಡೆರಡು. ಒಂದೊಂದು ಹಣ್ಣೂ ಗೋಲಿಯಷ್ಟು ದಪ್ಪ. ಬಿಡಿಸಿ ನೋಡಿದರೆ ಒಳಗೆ ಬೀಜವೋ ಬೀಜ. ಅದರಲ್ಲಿ ಒಂದು ಬೀಜ ನಮ್ಮ ಕತೆಯದು. ರಾಗಿ ಕಾಳಿಗಿಂತ ಸಣ್ಣದು. ಅಂಗೈ ಮೇಲಿಟ್ಟು ಉಫ್ ಅಂದರೆ ಎಲ್ಲಿ ಹೋಯಿತು ಅಂತ ಹುಡುಕಬೇಕು.

ಆಲದ ಹೂವು ಎಲ್ಲಿ ಅಂತ ಕೇಳ್ತೀಯಾ? ಹಣ್ಣಿನೊಳಗೇ ಇತ್ತು! ಹಣ್ಣು ಇನ್ನೂ ಹಸಿರು ಕಾಯಿಯಾಗಿದ್ದಾಗ ಒಳಗಡೆ ಪುಟಾಣಿ ಹೂಗಳು ಅರಳಿದ್ದವು. ಹೊರಗಿನಿಂದ ಯಾರಿಗೂ ಕಾಣಲ್ಲ. ಇರುವೆಗಿಂತ ಸಣ್ಣದೊಂದು ಕಣಜ ಬಂತು. ಕಣಜ ಅಂದ ತಕ್ಷಣ ಹೆದರಬೇಡ, ಇದು ನಮ್ಮನ್ನು ಕಚ್ಚಲ್ಲ. ಕಾಯಿಯ ತುದಿಯಲ್ಲಿ ಒಂದು ಇಕ್ಕಟ್ಟಾದ ಬಾಗಿಲಿದೆ. ಕಣಜ ಅದರೊಳಗೆ ನುಗ್ಗಿತು, ನುಗ್ಗುವಾಗ ಅದರ ರೆಕ್ಕೆಯೇ ಉದುರಿಹೋಯಿತು! ಬೇರೆ ಹಣ್ಣಿನಿಂದ ತಂದಿದ್ದ ಪರಾಗದ ಪುಡಿಯನ್ನು ಒಳಗಿನ ಹೂಗಳಿಗೆ ಸವರಿತು. ಹಾಗೆ ಸವರಿದ್ದಕ್ಕೇ ನಮ್ಮ ಬೀಜ ಹುಟ್ಟಿದ್ದು.

ಬೆಳಗ್ಗೆ ಕುಟ್ರುಹಕ್ಕಿ ಬಂತು. ಕುಟ್ರೂ, ಕುಟ್ರೂ, ಕುಟ್ರೂ! ಮೈಯೆಲ್ಲ ಹಸಿರು, ಎಲೆ ಮಧ್ಯೆ ಕೂತರೆ ಕಾಣೋದೇ ಇಲ್ಲ. ಕೆಂಪು ಹಣ್ಣನ್ನು ಗುಳುಂ ಅಂತ ನುಂಗಿತು. ಹಣ್ಣಿನ ತಿರುಳು ಹಕ್ಕಿಯ ಹೊಟ್ಟೆಯಲ್ಲಿ ಕರಗಿತು. ಬೀಜಕ್ಕೆ ಮಾತ್ರ ಗಟ್ಟಿ ಸಿಪ್ಪೆ ಇತ್ತಲ್ಲ, ಅದಕ್ಕೇನೂ ಆಗಲಿಲ್ಲ. ಕುಟ್ರುಹಕ್ಕಿ ಪುರ್ ಅಂತ ಹಾರಿತು. ಹೊಲ ದಾಟಿತು, ಕೆರೆ ದಾಟಿತು, ಒಂದು ಈಚಲು ಮರದ ಮೇಲೆ ಕೂತಿತು. ಕೂತು ಏನು ಮಾಡಿತು ಹೇಳು? ಪಿಚಕ್! ಹಿಕ್ಕೆ ಹಾಕಿತು. ನಗು, ನಗು. ಆದರೆ ಆ ಹಿಕ್ಕೆಯಲ್ಲೇ ನಮ್ಮ ಬೀಜ ಇತ್ತು.

ಅದರ ಅಕ್ಕ, ಅಣ್ಣ, ತಂಗಿ ಬೀಜಗಳೂ ಅಲ್ಲಿ ಇಲ್ಲಿ ಬಿದ್ದವು. ಒಂದು ಬಂಡೆ ಮೇಲೆ ಬಿತ್ತು. ಮಳೆ ಬಂದಾಗ ಮೊಳೆಯಿತು, ಮಾರನೆಯ ದಿನದ ಬಿಸಿಲಿಗೆ ಬಂಡೆ ಕಾದು ಒಣಗಿಹೋಯಿತು. ಇನ್ನೊಂದನ್ನು ಇರುವೆ ಎಳೆದುಕೊಂಡು ಹೋಯಿತು. ಹೊಲದಲ್ಲಿ ಬಿದ್ದದ್ದು ಎರಡು ಎಲೆ ಬಿಟ್ಟಿತ್ತು, ಕುರಿ ಬಂದು ಮೇಯ್ದುಬಿಟ್ಟಿತು. ಆಲದ ಬೀಜಗಳಲ್ಲಿ ಬಹಳಷ್ಟರ ಕತೆ ಹೀಗೇ.

ನಮ್ಮ ಬೀಜಕ್ಕೆ ಒಳ್ಳೆ ಜಾಗ ಸಿಕ್ಕಿತ್ತು. ಈಚಲು ಮರದ ಹಳೇ ಗರಿ ಒಣಗಿ ಬಿದ್ದಮೇಲೂ ಅದರ ಬುಡ ಕಾಂಡಕ್ಕೆ ಅಂಟಿಕೊಂಡೇ ಇರುತ್ತೆ. ಆ ಸಂದಿಯಲ್ಲಿ ಗಾಳಿ ತಂದ ಧೂಳು, ಕೊಳೆತ ಎಲೆಚೂರು, ಒಂಚೂರು ಮಳೆ ನೀರು. ಇರುವೆಗೆ ಸಿಗಲಿಲ್ಲ, ಕುರಿಗೆ ಎಟುಕಲಿಲ್ಲ, ಬೆಳಕು ಮಾತ್ರ ಚೆನ್ನಾಗಿ ಬಿತ್ತು.

ಬೀಜ ನೀರು ಕುಡಿಯಿತು. ಉಬ್ಬಿತು. ಸಿಪ್ಪೆ ಸೀಳಿತು. ಮೊದಲು ಹೊರಗೆ ಬಂದದ್ದು ಎಲೆ ಅಲ್ಲ, ಬೇರು! ದಾರದ ಎಳೆಯಂಥ ಬಿಳಿ ಬೇರು ಸಂದಿಯೊಳಗೆ ಇಳಿದು ಗಟ್ಟಿಯಾಗಿ ಹಿಡಿದುಕೊಂಡಿತು. ಆಮೇಲೆ ಎರಡು ಪುಟ್ಟ ಎಲೆ ತಲೆ ಎತ್ತಿದವು. ಬೀಜ ಸಣ್ಣದು, ಅದರೊಳಗಿನ ಆಹಾರವೂ ಚೂರೇ ಚೂರು. ಅದು ಮುಗಿಯುವಷ್ಟರಲ್ಲಿ ಎಲೆ ಹಸಿರಾಗಬೇಕು, ಬಿಸಿಲು ಹಿಡಿದು ತನ್ನ ಊಟ ತಾನೇ ಮಾಡಿಕೊಳ್ಳಬೇಕು. ನಮ್ಮ ಗಿಡ ಹಾಗೇ ಮಾಡಿತು.

ಆಮೇಲೆ ಒಂದೊಂದಾಗಿ ಎಲೆ ಬಂತು. ಆಲದ ಹೊಸ ಎಲೆ ಚೂಪಾದ ಪೊರೆಯೊಳಗೆ ಸುತ್ತಿಕೊಂಡು ಕೂತಿರುತ್ತೆ. ಪೊರೆ ಕಳಚಿ ಬಿದ್ದರೆ ಎಲೆ ಬಿಚ್ಚಿಕೊಳ್ಳುತ್ತೆ, ಕಡ್ಡಿಯ ಸುತ್ತ ಒಂದು ಗೆರೆ ಉಳಿಯುತ್ತೆ. ನಾಳೆ ಆಲದ ಕಡ್ಡಿ ಸಿಕ್ಕರೆ ಆ ಗೆರೆ ಮುಟ್ಟಿ ನೋಡು.

ಗಿಡ ಮೇಲೆ ಕೂತಿದೆ, ನೆಲ ಎಷ್ಟೋ ಕೆಳಗಿದೆ. ಮಳೆಗಾಲದಲ್ಲಿ ಪರವಾಗಿಲ್ಲ, ಬೇಸಿಗೆಯಲ್ಲಿ ಬಾಯಾರಿಕೆ. ಅದಕ್ಕೇ ಗಿಡ ಎತ್ತರಕ್ಕೆ ಹೋಗುವ ಆತುರ ಮಾಡಲಿಲ್ಲ. ಬೇರನ್ನು ಕೆಳಕ್ಕೆ ಬಿಟ್ಟಿತು. ಬೇರು ಈಚಲು ಮರವನ್ನು ತಬ್ಬಿಕೊಂಡು ಇಳಿಯಿತು, ಇಳಿಯಿತು, ಇಳಿಯಿತು. ಒಂದು ದಿನ ಮಣ್ಣು ಮುಟ್ಟಿತು! ಈಗ ಬೇಕಾದಷ್ಟು ನೀರು. ಬೇರು ದಪ್ಪಗಾಯಿತು, ಗಿಡ ಸರಸರ ಬೆಳೆಯಿತು, ಬೇರಿಗೆ ಬೇರು ಕೂಡಿಕೊಂಡು ಕಾಂಡವೇ ಆಯಿತು.

ಈಚಲು ಮರಕ್ಕೆ ಏನಾಯ್ತು ಅಂತೀಯಾ? ಬಹಳ ವರ್ಷ ಆಲದ ನಡುವೆಯೇ ತಲೆ ಎತ್ತಿಕೊಂಡು ನಿಂತಿತ್ತು. ಆಲದ ಎಲೆ ದಟ್ಟವಾದ ಹಾಗೆ ಅದಕ್ಕೆ ಬಿಸಿಲು ಕಡಿಮೆಯಾಯಿತು, ನೀರೂ ಕಡಿಮೆಯಾಯಿತು. ಕೊನೆಗೆ ಸತ್ತುಹೋಯಿತು. ಪಾಪ, ಹೌದು. ಆಲಕ್ಕೆ ಅದು ಜಾಗ ಕೊಟ್ಟಿತ್ತು, ಆಲ ಅದರ ಜಾಗವನ್ನೇ ತೆಗೆದುಕೊಂಡಿತು. ಮರಗಳ ಮಧ್ಯೆ ಹೀಗೂ ಆಗುತ್ತೆ.

ಆಲದ ಕೊಂಬೆ ಈಗ ಅಡ್ಡಡ್ಡ ಚಾಚಿಕೊಂಡಿತು. ಕೊಂಬೆ ಉದ್ದ ಆದಷ್ಟೂ ಭಾರ. ಕೆಳಗೆ ಯಾರಾದರೂ ಹಿಡಿದುಕೊಳ್ಳಬೇಕಲ್ಲ? ಕೊಂಬೆಯಿಂದ ಸಣ್ಣ ಸಣ್ಣ ಬೇರು ಜೋತುಬಿದ್ದವು. ಅದೇ ಬಿಳಲು. ಗಾಳಿಯಲ್ಲಿ ತೂಗಾಡುವಾಗ ಬಿಳಲು ಹಗ್ಗದಷ್ಟು ತೆಳ್ಳಗೆ. ತುದಿ ಮಣ್ಣಿಗೆ ಸೇರಿತು ಅನ್ನು, ಆಗ ಅದು ತಾನೇ ಬಿಗಿದುಕೊಂಡು ನೆಟ್ಟಗಾಗುತ್ತೆ. ಆಮೇಲೆ ವರ್ಷ ವರ್ಷವೂ ದಪ್ಪಗಾಗಿ, ನೀನು ತಬ್ಬಿದರೂ ಕೈಗೆ ಕೈ ಸೇರದಷ್ಟು ದೊಡ್ಡ ಕಂಬವಾಗುತ್ತೆ. ಕಂಬ ಸಿಕ್ಕಿದ ಕೊಂಬೆ ಇನ್ನೂ ಮುಂದಕ್ಕೆ ಹೋಗುತ್ತೆ, ಅಲ್ಲಿ ಮತ್ತೊಂದು ಬಿಳಲು ಬಿಡುತ್ತೆ.

ಕೇತೋಹಳ್ಳಿಯ ಮರ ಹೀಗೆ ಹೋಗಿ ಹೋಗಿ ಸುಮಾರು 3 ಎಕರೆ ಹರಡಿಕೊಂಡಿದೆ. ಅಲ್ಲಿ ಹೋಗಿ ನೋಡಿದರೆ ಒಂದು ಮರ ಅನ್ನಿಸೋದೇ ಇಲ್ಲ, ತೋಪಿನೊಳಗೆ ಬಂದ ಹಾಗಿರುತ್ತೆ. ನಡುವೆ ಇದ್ದ ಮೊದಲಿನ ಕಾಂಡ ಎಲ್ಲಿ ಅಂತ ಹುಡುಕಿದರೆ ಸಿಗಲ್ಲ. ಅದಕ್ಕೆ ರೋಗ ಬಂದು ಸತ್ತುಹೋಗಿದೆ. ಬೇರೆ ಮರವಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಇದಕ್ಕೆ ಅಷ್ಟೊಂದು ಬಿಳಲು ಕಂಬಗಳಿದ್ದವಲ್ಲ, ಒಂದೊಂದಕ್ಕೂ ಮಣ್ಣಿನಲ್ಲಿ ಬೇರೆ ಬೇರೆ ಬೇರು. ಅವೇ ನೀರು ಕುಡಿಸಿಕೊಂಡು, ಕೊಂಬೆ ಹೊತ್ತುಕೊಂಡು ಮುದಿ ಮರವನ್ನು ಸಾಕುತ್ತಿವೆ.

ಅಲ್ಲಿಗೆ ಹೋದಾಗ ಜೋಕಾಲಿ ಆಡಬೇಕು ಅಂತ ನಿನಗೆ ಖಂಡಿತ ಅನ್ನಿಸುತ್ತೆ. ತೂಗಾಡುವ ಬಿಳಲಿನ ತುದಿ ನೋಡು, ಎಳಸಾಗಿ ಮೆತ್ತಗಿರುತ್ತೆ. ಬಿಳಲು ಉದ್ದ ಆಗೋದು ಆ ತುದಿಯಿಂದಲೇ. ಅದು ಮುರಿದರೆ ಬಿಳಲು ನೆಲಕ್ಕೆ ಬರೋದು ತಡವಾಗುತ್ತೆ, ಕೆಲವೊಮ್ಮೆ ಬರೋದೇ ಇಲ್ಲ. ಅದಕ್ಕೇ ಜೋಕಾಲಿಗೆ ನಾವು ಮನೆ ಹಗ್ಗ ತಗೊಂಡು ಹೋಗೋಣ, ಅದನ್ನು ಬೇರೆ ಯಾವುದಾದರೂ ಮರಕ್ಕೆ ಕಟ್ಟೋಣ.