ಹುಳುಕುಹಲ್ಲಿನಿಂದ ಕೊರಳಿನವರೆಗೆ



ಜ್ವರ ಬಂದು ಮಲಗಿದವನನ್ನು ಕಂಡರೆ ಮನೆಯವರೆಲ್ಲ ಮೆಲ್ಲಗೆ ಮಾತನಾಡುತ್ತಾರೆ. ಕೆನ್ನೆ ಊದಿಸಿಕೊಂಡು ಕುಳಿತವನನ್ನು ಕಂಡರೆ ಮಕ್ಕಳು ನಗುತ್ತಾರೆ, ದೊಡ್ಡವರು ಲವಂಗದ ಎಣ್ಣೆಯನ್ನು ಹುಡುಕುತ್ತಾರೆ. ಹಲ್ಲುನೋವಿನಿಂದ ಯಾರೂ ಸಾಯುವುದಿಲ್ಲವೆಂಬ ನಂಬಿಕೆ ನಮ್ಮಲ್ಲಿ ಅಷ್ಟು ಬಲವಾಗಿದೆ. ಹಲವು ವರ್ಷಗಳ ಹಿಂದೆ ಒಂದು ರಾತ್ರಿ ನಮಗೂ ಆ ನಂಬಿಕೆಯೇ ಇದ್ದಿತು.

ಆಗ ನಾವು ಕಾಲೇಜಿನಲ್ಲಿ ಪಾಠ ಹೇಳುವುದರ ಜೊತೆಗೆ ವಿದ್ಯಾರ್ಥಿನಿಲಯದ ಮೇಲ್ವಿಚಾರಣೆಯನ್ನೂ ನೋಡಿಕೊಳ್ಳುತ್ತಿದ್ದೆವು. ಇಪ್ಪತ್ತೊಂದು ವಯಸ್ಸಿನ ವಿದ್ಯಾರ್ಥಿಯೊಬ್ಬನಿಗೆ ಬಲಗಡೆಯ ಕೆಳದವಡೆಯಲ್ಲಿ, ಹಿಂದಿನಿಂದ ಎರಡನೆಯ ಹಲ್ಲು ಹುಳುಕಾಗಿದ್ದಿತು. ಒಂದು ತಿಂಗಳು ನೋವು ತಿಂದನು. ಆಮೇಲೆ ನೋವು ತಾನಾಗಿಯೇ ನಿಂತಿತು. ಅವನೂ ಹಲ್ಲನ್ನು ಮರೆತನು. ಒಂದು ಸೋಮವಾರ ದವಡೆಯ ಕೆಳಗೆ ನಿಂಬೆಕಾಯಿಯಷ್ಟು ಊತ ಕಾಣಿಸಿತು. ಯಾರೋ ಬಿಸಿ ಶಾಖ ಕೊಡಲು ಹೇಳಿದರು, ಕೊಟ್ಟನು. ಹಿಂದೊಮ್ಮೆ ಉಳಿದಿದ್ದ ನಾಲ್ಕು ಮಾತ್ರೆಗಳನ್ನು ಗೆಳೆಯನೊಬ್ಬ ಕೊಟ್ಟನು, ಅವನ್ನೂ ನುಂಗಿದನು. ಗುರುವಾರದ ಹೊತ್ತಿಗೆ ಊತ ಗದ್ದದ ಕೆಳಗೆ ಹಾದು ಎಡಗಡೆಗೂ ಬಂದಿದ್ದಿತು. ಶುಕ್ರವಾರ ರಾತ್ರಿ ಒಂಬತ್ತು ಗಂಟೆಗೆ ನಾವು ಹೋಗಿ ನೋಡಿ, "ಬೆಳಿಗ್ಗೆ ಹಲ್ಲಿನ ಡಾಕ್ಟರ ಬಳಿಗೆ ಹೋಗೋಣ, ಈಗ ಮಲಗಪ್ಪ" ಎಂದು ಹೇಳಿ ಹಿಂದಿರುಗಿದೆವು.

ಈ ಮಾತು ಎಷ್ಟು ತಪ್ಪಾಗಿದ್ದಿತೆಂಬುದು ತಿಳಿಯಬೇಕಾದರೆ ಕೆಳದವಡೆಯ ರಚನೆಯನ್ನು ಸ್ವಲ್ಪ ನೋಡಬೇಕು.

ಹಲ್ಲಿನ ನಡುವೆ ರಕ್ತನಾಳಗಳೂ ನರಗಳೂ ಕೂಡಿದ ಒಂದು ಮೃದುವಾದ ತಿರುಳು ಇರುತ್ತದೆ. ಹುಳುಕು ಅಲ್ಲಿಗೆ ಮುಟ್ಟಿದಾಗ ತಡೆಯಲಾರದ ನೋವು. ಕೊನೆಗೆ ತಿರುಳು ಸತ್ತುಹೋಗುತ್ತದೆ. ಸತ್ತ ನರಕ್ಕೆ ನೋವಿಲ್ಲ. ನಮ್ಮ ವಿದ್ಯಾರ್ಥಿಯ ನೋವು ನಿಂತದ್ದು ಹೀಗೆ. ರೋಗಿ ಇದನ್ನು ಗುಣವೆಂದು ತಿಳಿಯುತ್ತಾನೆ. ಆದರೆ ಸತ್ತ ತಿರುಳಿನೊಳಗೆ ಬೆಳೆದ ರೋಗಾಣುಗಳು ಬೇರಿನ ತುದಿಯಿಂದ ಎಲುಬಿಗೆ ಇಳಿದು, ಎಲುಬು ಎಲ್ಲಿ ತೆಳುವಾಗಿದೆಯೋ ಅಲ್ಲಿ ಕೊರೆದು ಹೊರಕ್ಕೆ ಬರುತ್ತವೆ. ಹೊರಬಂದ ಸ್ಥಳ ಯಾವುದೆಂಬುದರ ಮೇಲೆ ಮುಂದಿನ ಕಥೆಯೆಲ್ಲ ನಿಂತಿದೆ.

ನಮ್ಮ ಹಳ್ಳಿಗಳಲ್ಲಿ ಮಗುವನ್ನು ಮಲಗಿಸುವುದಕ್ಕೆ ಸೀರೆಯ ಜೋಲಿಯನ್ನು ಕಟ್ಟುತ್ತಾರಷ್ಟೆ. ಕೆಳದವಡೆಯ ಎರಡು ಪಕ್ಕಗಳ ನಡುವೆ ಅಂಥದೇ ಒಂದು ಮಾಂಸದ ಜೋಲಿ ಕಟ್ಟಿದೆ. ಮೈಲೊಹೈಯಾಯ್ಡ್ ಎಂದು ಅದರ ಹೆಸರು. ನಾಲಗೆ ಈ ಜೋಲಿಯ ಮೇಲೆ ಇದೆ. ಜೋಲಿಯ ಕೆಳಗಡೆ ಕೊರಳು. ಜೋಲಿಯನ್ನು ದವಡೆಗೆ ಕಟ್ಟಿರುವ ಗೆರೆ ಸಮವಾಗಿಲ್ಲ: ಮುಂದುಗಡೆ ತಗ್ಗಿನಲ್ಲಿ ಆರಂಭವಾಗಿ ಹಿಂದಕ್ಕೆ ಹೋದಂತೆ ಏರುತ್ತದೆ. ಆದುದರಿಂದ ಮುಂದಿನ ಹಲ್ಲುಗಳ ಬೇರಿನ ತುದಿ ಗೆರೆಗಿಂತ ಮೇಲೆಯೇ ನಿಲ್ಲುತ್ತದೆ. ಕಡೆಯ ಎರಡು ದವಡೆಹಲ್ಲುಗಳ ಬೇರು ಮಾತ್ರ ಸಾಮಾನ್ಯವಾಗಿ ಗೆರೆಯನ್ನು ದಾಟಿ ಕೆಳಗೆ ಇಳಿದಿರುತ್ತದೆ. ಮೇಲಾಗಿ ಅಲ್ಲಿ ನಾಲಗೆಯ ಕಡೆಯ ಎಲುಬು ತೆಳುವು. ಮುಂದಿನ ಹಲ್ಲು ಕೆಟ್ಟರೆ ಬಹುಮಟ್ಟಿಗೆ ಒಸಡಿನ ಮೇಲೊಂದು ಕೀವಿನ ಗುಳ್ಳೆ ಎದ್ದು ಒಡೆಯುವುದು. ಬಾಯಿ ಕಹಿಯಾಗುವುದು, ಅಷ್ಟೇ. ಹಿಂದಿನ ಹಲ್ಲು ಕೆಟ್ಟರೆ ಸೋಂಕು ಬಾಯಿಗೆ ಬರದೆ ನೇರವಾಗಿ ಕೊರಳಿಗೆ ಇಳಿಯಬಹುದು.

ಅಲ್ಲಿಗೆ ಇಳಿದ ಸೋಂಕಿಗೆ ದಾರಿಗಳು ಬಹಳ. ಜೋಲಿಯ ಹಿಂದಿನ ಅಂಚು ಎಲ್ಲಿಯೂ ಅಂಟಿಕೊಂಡಿಲ್ಲ. ಆ ಅಂಚನ್ನು ಬಳಸಿಕೊಂಡು ಸೋಂಕು ನಾಲಗೆಯ ಅಡಿಗೆ ಏರುತ್ತದೆ, ನಡುವಿನಿಂದ ಆಚೆಯ ಪಕ್ಕಕ್ಕೆ ಹೋಗುತ್ತದೆ, ಗಂಟಲಿನ ಪಕ್ಕದ ತೆರವಿಗೂ, ಅಲ್ಲಿಂದ ಎದೆಗೂ ಇಳಿಯಬಲ್ಲುದು. ದವಡೆಯ ಕೆಳಗೂ ನಾಲಗೆಯ ಕೆಳಗೂ ಎರಡು ಪಕ್ಕಗಳಲ್ಲಿಯೂ ಒಟ್ಟಿಗೆ ಹರಡಿದ ಸ್ಥಿತಿಯನ್ನು 1836ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನ ವೈದ್ಯ ಲುಡ್ವಿಗ್ ಎಂಬಾತನು ವರ್ಣಿಸಿದನು. ಅಂದಿನಿಂದ ಅದಕ್ಕೆ ಲುಡ್ವಿಗ್ ಆಂಜೈನಾ ಎಂಬ ಹೆಸರು ನಿಂತಿದೆ. ಆಂಜೈನಾ ಎಂದೊಡನೆ ನಾವು ಎದೆಯನ್ನು ಮುಟ್ಟಿಕೊಳ್ಳುತ್ತೇವೆ. ಲ್ಯಾಟಿನ್ ಮೂಲದ ಈ ಶಬ್ದಕ್ಕೆ ಕತ್ತು ಹಿಸುಕಿದಂತಾಗುವುದೆಂಬ ಅರ್ಥವಿದ್ದು, ಈ ರೋಗಕ್ಕೇ ಅದು ಹೆಚ್ಚು ಒಪ್ಪುತ್ತದೆ. ಪೆನಿಸಿಲಿನ್ ಬರುವುದಕ್ಕೆ ಮೊದಲು ಈ ರೋಗ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಾಯುತ್ತಿದ್ದರು. ಇಂದು ಸಾಯುವವರು ಕಡಿಮೆ. ಆದರೆ ತಡವಾಗಿ ಬಂದವನಿಗೆ ಇಂದೂ ಅಪಾಯ ಹಾಗೆಯೇ ಇದೆ.

ಸಾಯುವುದು ಕೀವಿನಿಂದಲ್ಲ, ಉಸಿರುಕಟ್ಟಿ. ಊದಿಕೊಂಡ ನಾಲಗೆ ಎತ್ತ ಹೋಗಬೇಕು? ಮುಂದೆ ದವಡೆಯ ಎಲುಬು, ಪಕ್ಕಗಳಲ್ಲಿಯೂ ಎಲುಬು. ಮೇಲಕ್ಕೆ ಅಂಗುಳಿಗೆ ಒತ್ತಬೇಕು, ಇಲ್ಲವೆ ಹಿಂದಕ್ಕೆ ಗಂಟಲನ್ನು ಮುಚ್ಚಬೇಕು. ಎರಡೂ ಆಗುತ್ತವೆ, ಕೆಲವು ಸಲ ಕೆಲವೇ ಗಂಟೆಗಳಲ್ಲಿ.

ನಾವು ಹಿಂದಿರುಗಿ ಅರ್ಧ ಗಂಟೆಯಾಗಿರಲಿಲ್ಲ. ಆ ವಿದ್ಯಾರ್ಥಿಯ ಕೋಣೆಯ ಜೊತೆಗಾರ, ಹಳ್ಳಿಯಿಂದ ಬಂದ ಹುಡುಗ, ಬಾಗಿಲಿಗೆ ಬಂದನು. "ಸಾರ್, ಮಲಗು ಅಂತ ಹೇಳಿದಿರಿ, ಆದರೆ ಅವನಿಗೆ ಮಲಗೋಕೇ ಆಗ್ತಾ ಇಲ್ಲ. ಎಂಜಲನ್ನೂ ನುಂಗ್ತಾ ಇಲ್ಲ ಸಾರ್, ಟವಲಿಗೆ ಬಿಡ್ತಾ ಇದ್ದಾನೆ" ಎಂದನು. ಶರೀರಶಾಸ್ತ್ರವನ್ನು ಓದಿದ ನಮಗೆ ಕಾಣದ್ದು ಅವನಿಗೆ ಕಂಡಿದ್ದಿತು. ಹೋಗಿ ನೋಡಿದೆವು. ಹುಡುಗ ಮಂಚದ ಅಂಚಿನಲ್ಲಿ ಎರಡು ಕೈಗಳನ್ನೂ ಊರಿ, ಗದ್ದವನ್ನು ಮುಂದಕ್ಕೆ ಚಾಚಿ ಕುಳಿತಿದ್ದನು. ಬಿಸಿ ಅನ್ನದ ತುತ್ತನ್ನು ಬಾಯಲ್ಲಿಟ್ಟುಕೊಂಡು ಮಾತನಾಡುವವನಂತೆ ಅವನ ಮಾತು ಕೇಳಿಸುತ್ತಿದ್ದಿತು. ಬಾಯಿ ಒಂದು ಬೆರಳಿನಷ್ಟು ಮಾತ್ರ ತೆರೆಯಿತು. ಆ ಸಂದಿನಲ್ಲಿ ನಾಲಗೆ ಹಲ್ಲಿನ ಸಾಲಿಗಿಂತ ಮೇಲಕ್ಕೆ ಎದ್ದು ನಿಂತಿದ್ದಿತು. ಗದ್ದದ ಕೆಳಗೆ ಒತ್ತಿ ನೋಡಿದರೆ ಕೈಗೆ ಹಲಗೆ ತಗುಲಿದಂತಾಯಿತು.

ಈ ಹಲಗೆಯ ವಿಷಯದಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ನಮ್ಮ ಮನೆಗಳಲ್ಲಿ ಬಾವು ಗಟ್ಟಿಯಾಗಿದ್ದರೆ "ಇನ್ನೂ ಹಣ್ಣಾಗಿಲ್ಲ, ಹಣ್ಣಾಗಲಿ" ಎಂದು ಕಾಯುವುದು ವಾಡಿಕೆ. ಕಾಲಿನ ಮೇಲಿನ ಕುರುವಿಗೆ ಆ ಲೆಕ್ಕ ನಡೆಯಬಹುದು. ಇಲ್ಲಿ ನಡೆಯುವುದಿಲ್ಲ. ಈ ರೋಗದಲ್ಲಿ ಕೀವು ಒಂದು ಕಡೆ ಕೂಡಿಕೊಳ್ಳುವುದಕ್ಕೆ ಮೊದಲೇ ಊತಕಗಳೆಲ್ಲ ನೀರು ತುಂಬಿ ಬಿಗಿದುಕೊಳ್ಳುತ್ತವೆ. ಅದು ಹಣ್ಣಾಗುವವರೆಗೆ ರೋಗಿ ಉಳಿಯದಿರಬಹುದು. ಇಲ್ಲಿ ಗಟ್ಟಿತನವೇ ಅಪಾಯದ ಗುರುತು.

ಹಾಗಾದರೆ ಸಾಮಾನ್ಯವಾದ ಊತವನ್ನು ಇದರಿಂದ ಬೇರ್ಪಡಿಸುವುದು ಹೇಗೆ? ಬೆರಳನ್ನು ಕೆಳದವಡೆಯ ಅಂಚಿನ ಮೇಲೆ ಕಿವಿಯಿಂದ ಗದ್ದದವರೆಗೆ ಎಳೆದು ನೋಡಬಹುದು. ಎಲುಬಿನ ಅಂಚು ಸ್ಪಷ್ಟವಾಗಿ ಸಿಕ್ಕಿ ಊತ ಅದರ ಮೇಲೆ ಕೆನ್ನೆಯಲ್ಲಿಯೇ ಇದ್ದರೆ, ಮಾರನೆಯ ದಿನ ದಂತವೈದ್ಯರನ್ನು ಕಾಣುವಷ್ಟು ಅವಕಾಶ ಸಾಮಾನ್ಯವಾಗಿ ಇರುತ್ತದೆ. ಅಂಚು ಊತದಲ್ಲಿ ಮುಳುಗಿಹೋಗಿ, ಊತ ಕೊರಳಿಗೆ ಇಳಿದಿದ್ದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಬಾಯಿಯನ್ನು ಅಗಲಿಸಿ ತನ್ನ ಮೂರು ಬೆರಳುಗಳನ್ನು ಒಂದರ ಮೇಲೊಂದು ಇಟ್ಟು ಹಲ್ಲುಗಳ ನಡುವೆ ತೂರಿಸುವುದು ಆರೋಗ್ಯವಂತರಲ್ಲಿ ಹೆಚ್ಚಿನವರಿಗೆ ಸಾಧ್ಯ. ನಿನ್ನೆ ಮೂರು ಹೋಗುತ್ತಿದ್ದು ಇಂದು ಒಂದೇ ಹೋದರೆ ಸೋಂಕು ದವಡೆಯ ಸ್ನಾಯುಗಳನ್ನು ಮುಟ್ಟಿದೆಯೆಂದು ತಿಳಿಯಬೇಕು. ಎಂಜಲನ್ನು ನುಂಗಲಾಗದಿರುವುದು, ನಾಲಗೆ ಮೇಲೆದ್ದಿರುವುದು, ಧ್ವನಿ ಕಟ್ಟಿ ಬದಲಾಗಿರುವುದು, ಅಂಗಾತ ಮಲಗಲಾಗದಿರುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗುವುದನ್ನು ಕಾಯತಕ್ಕದ್ದಲ್ಲ. ಉಸಿರಾಡುವಾಗ ಕೊರಕೊರ ಶಬ್ದ ಕೇಳಿಬಂದರೆ ಹೊತ್ತು ಬಹಳ ಮೀರಿದೆ. ನೋವಿನ ಪ್ರಮಾಣವನ್ನು ಮಾತ್ರ ನಂಬಬಾರದು. ಮಧುಮೇಹವುಳ್ಳವರಲ್ಲಿ ಇವೆಲ್ಲವೂ ಬೇಗ ಬೇಗ ನಡೆಯಬಹುದು.

ಮೇಲುದವಡೆಯ ಹಲ್ಲುಗಳು ಇಷ್ಟು ಕ್ರೂರವಲ್ಲ. ಆದರೂ ಕೋರೆಹಲ್ಲಿನ ಸೋಂಕು ಮೂಗಿನ ಪಕ್ಕದಲ್ಲಿ ಏರಿ, ಮುಖದ ಅಭಿಧಮನಿಗಳ ದಾರಿಯಿಂದ ಮಿದುಳಿನ ಬುಡಕ್ಕೆ ಹೋಗುವುದು ಅಪರೂಪವಾಗಿ ಉಂಟು. ಕಣ್ಣಿನ ರೆಪ್ಪೆ ಮುಚ್ಚಿಕೊಳ್ಳುವಂತೆ ಊದಿ, ತಲೆನೋವು ಬಂದು, ಒಂದು ವಸ್ತು ಎರಡಾಗಿ ಕಂಡರೆ ಅದಕ್ಕೂ ಇದೇ ಅವಸರ.

ನಾವು ಹುಡುಗನನ್ನು ಕೂಡಿಸಿಕೊಂಡೇ ದೊಡ್ಡ ಆಸ್ಪತ್ರೆಗೆ ಕರೆದೊಯ್ದೆವು. ಇಂಥವನನ್ನು ವಾಹನದಲ್ಲಿ ಅಂಗಾತ ಮಲಗಿಸಬಾರದು. ಮಲಗಿಸಿದೊಡನೆ ನಾಲಗೆ ಹಿಂದಕ್ಕೆ ಬೀಳುವುದು. ಕುಡಿಯಲು ಹಾಲು, ಗಂಜಿ ಯಾವುದನ್ನೂ ಕೊಡಬಾರದು. ಅರಿವಳಿಕೆ ಕೊಡಬೇಕಾಗಿ ಬರುವುದು. ಹಲ್ಲು ಕೀಳುವ ಕುರ್ಚಿಯೊಂದೇ ಇರುವ ಚಿಕಿತ್ಸಾಲಯವೂ ಇದಕ್ಕೆ ಸಾಲದು. ಅರಿವಳಿಕೆಯ ವೈದ್ಯರೂ ಶಸ್ತ್ರಚಿಕಿತ್ಸಕರೂ ರಾತ್ರಿಯಲ್ಲಿ ಸಿಕ್ಕುವ ಕಡೆಗೆ ಹೋಗಬೇಕು. ಕರ್ನಾಟಕದಲ್ಲಿ ಇಂದು 108ಕ್ಕೆ ಕರೆಮಾಡಿದರೆ ವಾಹನ ಬರುವ ಅನುಕೂಲವುಂಟು. ಕರೆಮಾಡಿದವರು "ಹಲ್ಲುನೋವು" ಎನ್ನದೆ "ಕೊರಳು ಊದಿದೆ, ನುಂಗಲಾಗುತ್ತಿಲ್ಲ" ಎಂದು ಹೇಳುವುದು ಮೇಲು.

ಅಲ್ಲಿ ಮೊದಲು ನೋಡಿದ್ದು ಹಲ್ಲನ್ನಲ್ಲ, ಉಸಿರಿನ ದಾರಿಯನ್ನು. ಹುಡುಗ ಎಚ್ಚರವಾಗಿರುವಾಗಲೇ, ತುದಿಯಲ್ಲಿ ನೋಡುವ ಸಾಧನವುಳ್ಳ ತೆಳ್ಳನೆಯ ನಳಿಗೆಯ ಸಹಾಯದಿಂದ ಮೂಗಿನೊಳಗಿಂದ ಶ್ವಾಸನಾಳಕ್ಕೆ ಕೊಳವೆಯನ್ನು ಇಳಿಸಿದರು. ಅದು ಆಗದೆಹೋದರೆ ಕೊರಳಿನಲ್ಲಿ ರಂಧ್ರ ಮಾಡುವುದಕ್ಕೆ ಶಸ್ತ್ರಚಿಕಿತ್ಸಕರು ಕೈಗವಸು ತೊಟ್ಟು ಪಕ್ಕದಲ್ಲಿಯೇ ನಿಂತಿದ್ದರಂತೆ. ಬಳಿಕ ದವಡೆಯ ಕೆಳಗೆ ಎರಡು ಕಡೆಯೂ ಕೊಯ್ದು, ಬಿಗಿದ ತೆರವುಗಳನ್ನು ಬಿಡಿಸಿ, ರಬ್ಬರಿನ ನಾಳಗಳನ್ನು ಇಟ್ಟರು. ಅಷ್ಟು ದೊಡ್ಡ ಊತದಿಂದ ಹೊರಬಂದ ಕೀವು ಎರಡು ಚಮಚೆಯಷ್ಟೇ. ಆ ಹಲ್ಲನ್ನೂ ಅದೇ ಹೊತ್ತಿಗೆ ಕಿತ್ತರು. ಪೆನಿಸಿಲಿನ್ನನ್ನೂ ಮೆಟ್ರೊನಿಡಜೋಲನ್ನೂ ರಕ್ತನಾಳದ ಮೂಲಕ ಕೊಟ್ಟರು.

ಔಷಧವೊಂದರಿಂದಲೇ ಗುಣವಾಗುತ್ತಿರಲಿಲ್ಲವೆ ಎಂದು ಮಾರನೆಯ ದಿನ ಕೇಳಿದೆವು. ಆ ವೈದ್ಯರು ಬೇಸರಪಡದೆ ವಿವರಿಸಿದರು: ಔಷಧವನ್ನು ಒಯ್ಯುವುದು ರಕ್ತ; ಸತ್ತ ಹಲ್ಲಿನೊಳಗೆ ರಕ್ತವೇ ಹರಿಯುವುದಿಲ್ಲ. ಹಲ್ಲನ್ನು ಕೀಳುವುದೋ ಅದರ ಬೇರಿನ ಒಳಗನ್ನು ಶುದ್ಧಮಾಡುವುದೋ ಆಗುವವರೆಗೆ ರೋಗಾಣುಗಳ ಮನೆ ಹಾಗೆಯೇ ಇರುತ್ತದೆ. ಗೆಳೆಯ ಕೊಟ್ಟ ನಾಲ್ಕು ಮಾತ್ರೆಗಳು ಎರಡು ದಿನ ಜ್ವರವನ್ನು ತಗ್ಗಿಸಿ ಎಲ್ಲರನ್ನೂ ಸಮಾಧಾನಪಡಿಸಿದುವಷ್ಟೇ ಹೊರತು ಬೇರೇನನ್ನೂ ಮಾಡಲಿಲ್ಲ.

ನಾಲ್ಕನೆಯ ದಿನ ಕೊಳವೆಯನ್ನು ತೆಗೆದರು. ಹನ್ನೊಂದನೆಯ ದಿನ ಹುಡುಗ ವಿದ್ಯಾರ್ಥಿನಿಲಯಕ್ಕೆ ಹಿಂದಿರುಗಿದನು. ಗದ್ದದ ಕೆಳಗೆ ಎರಡು ಸಣ್ಣ ಗಾಯದ ಗುರುತುಗಳು, ತಲೆಯೆತ್ತಿದಾಗ ಮಾತ್ರ ಕಾಣುವಂಥವು, ಉಳಿದುವು. ಅವನ ಬಾಯಿಯನ್ನು ಪರೀಕ್ಷಿಸಿದ ದಂತವೈದ್ಯರು ಎಡಗಡೆಯ ಅದೇ ಹಲ್ಲಿನಲ್ಲಿಯೂ ಕಪ್ಪು ಚುಕ್ಕೆಯೊಂದನ್ನು ಕಂಡರು. ಹುಳುಕು ಇನ್ನೂ ತಿರುಳಿಗೆ ಮುಟ್ಟಿರಲಿಲ್ಲ. ಅದನ್ನು ಕೊರೆದು ತುಂಬುವುದಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ಈ ಸಲ ಜೊತೆಗಾರನೊಡನೆ ನಾವೂ ಹೋಗಿ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದೆವು.