ನಿರ್ಬಂಧದ ತೊಂಬತ್ತು ದಿನ



ಶಿರೂರಿನ ಈ ದತ್ತಿ ಉಪನ್ಯಾಸಕ್ಕೆ ವಿಷಯ ಆರಿಸಿಕೊಳ್ಳಲು ಹೇಳಿದಾಗ ನನಗೆ ನೆನಪಾದದ್ದು ಒಂದು ಮುಂಜಾನೆ. ಸಹಕಾರಿ ಬ್ಯಾಂಕೊಂದರ ಕಬ್ಬಿಣದ ಶಟರನ್ನು ಅರ್ಧ ಎತ್ತಿದ್ದರು. ಅದರ ಪಕ್ಕದ ಗೋಡೆಗೆ ಒಂದು ಹಾಳೆ ಅಂಟಿಸಿದ್ದರು. ಅಂಟು ಇನ್ನೂ ಹಸಿಯಾಗಿತ್ತು. ಹಾಳೆಯ ಮುಂದೆ ನಿಂತವರಲ್ಲಿ ಗುಳೇದಗುಡ್ಡದಿಂದ ಬಂದ ನನ್ನ ಚಿಗವ್ವನೂ ಇದ್ದಳು. ಕೈಚೀಲದಲ್ಲಿ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಠೇವಣಿ ರಸೀದಿ. ಮುಳುಗಡೆಯಲ್ಲಿ ಹೋದ ಹೊಲಕ್ಕೆ ಬಂದ ಪರಿಹಾರದ ಕೊನೆಯ ತುಣುಕು ಅದು. ನನ್ನನ್ನು ನೋಡಿದ ಕೂಡಲೇ ಕೇಳಿದಳು: "ಯಪ್ಪಾ, ನನ್ನ ರೊಕ್ಕ ಹೋತೇನು?"

ನಾನು ಸಹಕಾರಿ ಬ್ಯಾಂಕಿನ ಕೌಂಟರಿನ ಹಿಂದೆ ಬಹಳ ವರ್ಷ ಕೂತವನು. "ಹೋಗಿಲ್ಲ ಚಿಗವ್ವ, ನಿಂತೈತಿ" ಎಂದೆ. ಹೋಗುವುದಕ್ಕೂ ನಿಲ್ಲುವುದಕ್ಕೂ ಇರುವ ಅಂತರವನ್ನು ಆವತ್ತು ಆಕೆಗೆ ಬಿಡಿಸಿ ಹೇಳಲಾಗಲಿಲ್ಲ. ಇವತ್ತು ನಿಮ್ಮ ಮುಂದೆ ಹೇಳುತ್ತೇನೆ.

ಗೋಡೆಯ ಮೇಲಿನ ಆ ಹಾಳೆ ರಿಸರ್ವ್ ಬ್ಯಾಂಕಿನ ನಿರ್ದೇಶನದ ಪ್ರತಿ. ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 35ಎ ಕಲಮಿನ ಅಡಿ ಅದು ಹೊರಡುತ್ತದೆ. ಅದರಂತೆ ಬ್ಯಾಂಕು ರಿಸರ್ವ್ ಬ್ಯಾಂಕಿನ ಒಪ್ಪಿಗೆ ಇಲ್ಲದೆ ಹೊಸ ಸಾಲ ಕೊಡಬಾರದು, ಹಳೆಯದನ್ನು ನವೀಕರಿಸಬಾರದು, ಹೊಸ ಠೇವಣಿ ತೆಗೆದುಕೊಳ್ಳಬಾರದು, ಆಸ್ತಿ ಮಾರಬಾರದು. ಠೇವಣಿದಾರರಿಗೆ ಒಂದು ಮಿತಿ ಹಾಕಿರುತ್ತಾರೆ. ಉಳಿತಾಯ, ಚಾಲ್ತಿ, ನಿಶ್ಚಿತ ಠೇವಣಿ, ಹೀಗೆ ಎಷ್ಟೇ ಖಾತೆಗಳಿದ್ದರೂ ಎಲ್ಲ ಕೂಡಿ ಒಬ್ಬರಿಗೆ ಸಿಗುವುದು ಅಷ್ಟೇ. ಮಿತಿ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿಗೆ ಮೊದಲು ಹಾಕಿದ ಮಿತಿ 35,000 ರೂಪಾಯಿ. 2021ರ ಫೆಬ್ರವರಿಯಲ್ಲಿ ವಿಜಯಪುರದ ಡೆಕ್ಕನ್ ಅರ್ಬನ್ ಕೋಆಪರೇಟಿವ್ ಬ್ಯಾಂಕಿಗೆ ಹಾಕಿದ್ದು ಬರೀ 1,000 ರೂಪಾಯಿ. ಬ್ಯಾಂಕಿನಲ್ಲಿ ಕೈಗೆ ಸಿಗುವ ನಗದು ಎಷ್ಟಿದೆ ಎಂಬುದರ ಮೇಲೆ ಈ ಮಿತಿ ನಿಲ್ಲುತ್ತದೆ. ಹಾಗಾಗಿ ಮಿತಿ ಎಷ್ಟು ಚಿಕ್ಕದೋ ಬ್ಯಾಂಕು ಅಷ್ಟು ಬರಿದಾಗಿದೆ ಎಂದು ಓದಿಕೊಳ್ಳಬಹುದು.

ನಮ್ಮ ದುಡ್ಡಿಗೆ ಬೀಗ ಹಾಕುವುದು ಯಾವ ನ್ಯಾಯ ಎಂದು ಆವತ್ತು ಶಟರಿನ ಮುಂದೆ ನಿಂತವರೆಲ್ಲ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ಒಂದು ಬ್ಯಾಂಕಿನಲ್ಲಿ ಜನರ ಠೇವಣಿ 10 ಕೋಟಿ ಇದೆ ಅನ್ನಿ. ಅದರಲ್ಲಿ 3 ಕೋಟಿ ನಗದಾಗಿ, ಸಾಲಪತ್ರವಾಗಿ ಕೈಯಲ್ಲಿದೆ. 7 ಕೋಟಿ ಸಾಲವಾಗಿ ಹೊರಗೆ ಹೋಗಿದೆ, ಅದರಲ್ಲಿ 3 ಕೋಟಿ ತಿರುಗಿ ಬರುವ ಲಕ್ಷಣವಿಲ್ಲ. ಬಾಗಿಲು ತೆರೆದೇ ಇಟ್ಟರೆ ಸುದ್ದಿ ಮೊದಲು ತಿಳಿದವರು, ಅಂದರೆ ನಿರ್ದೇಶಕರ ನೆಂಟರು, ಪೇಟೆಯ ದೊಡ್ಡ ವ್ಯಾಪಾರಿಗಳು, ಮೊದಲ ದಿನವೇ ಆ 3 ಕೋಟಿ ಎತ್ತಿಕೊಂಡು ಹೋಗುತ್ತಾರೆ. ಉಳಿದ ಠೇವಣಿ 7 ಕೋಟಿ, ಅದಕ್ಕೆ ಎದುರಾಗಿ ವಸೂಲಾಗುವುದು 4 ಕೋಟಿ. ಹಳ್ಳಿಯಿಂದ ಮೂರನೇ ದಿನ ಬಸ್ಸು ಹತ್ತಿ ಬರುವ ಹೆಣ್ಣುಮಗಳ ಪಾಲಿಗೆ ಆ ದಿನ ಕೌಂಟರಿನಲ್ಲಿ ಏನೂ ಇಲ್ಲ. ಬೀಗ ಬೀಳುವುದು ಈ ಓಟವನ್ನು ನಿಲ್ಲಿಸಲು. ಅದು ಎಲ್ಲರನ್ನೂ ನೋಯಿಸುತ್ತದೆ, ನಿಜ. ಆದರೆ ಸಾಲಿನ ಕೊನೆಯಲ್ಲಿ ನಿಂತವರನ್ನು ಉಳಿಸುತ್ತದೆ ಎಂದು ಕೌಂಟರಿನಲ್ಲಿ ಕೂತು ಕಂಡ ನಾನು ನಂಬುತ್ತೇನೆ.

ನಾನು ಒಪ್ಪದಿದ್ದದ್ದು ಬೀಗವನ್ನಲ್ಲ, ಅದು ಬಿದ್ದ ಮೇಲಿನ ಕಾಯುವಿಕೆಯನ್ನು. ಇದಕ್ಕೆ ನಮ್ಮದೇ ಬಾಗಲಕೋಟೆ ಜಿಲ್ಲೆಯ ಉದಾಹರಣೆ ಇದೆ. ಮುಧೋಳ ಕೋಆಪರೇಟಿವ್ ಬ್ಯಾಂಕಿಗೆ ನಿರ್ಬಂಧ ಬಿದ್ದದ್ದು 2019ರಲ್ಲಿ. ಬ್ಯಾಂಕಿನ ಠೇವಣಿಗೆ ವಿಮೆ ಆಗಲೂ ಇತ್ತು. ಠೇವಣಿ ವಿಮೆ ಮತ್ತು ಸಾಲ ಖಾತರಿ ನಿಗಮ ಎಂಬ ಸಂಸ್ಥೆ ಅದನ್ನು ಕೊಡುತ್ತದೆ. ಕಂತನ್ನು ಬ್ಯಾಂಕೇ ಕಟ್ಟುತ್ತದೆ, ಠೇವಣಿದಾರರು ಒಂದು ಪೈಸೆಯನ್ನೂ ಕಟ್ಟಬೇಕಿಲ್ಲ. ಆದರೆ ಅಂದಿನ ಕಾಯ್ದೆಯ ಪ್ರಕಾರ ಆ ವಿಮೆ ಕೈಗೆ ಬರಬೇಕಾದರೆ ಬ್ಯಾಂಕು ಸಮಾಪನೆಗೆ ಹೋಗಬೇಕಿತ್ತು, ಇಲ್ಲವೇ ಇನ್ನೊಂದರಲ್ಲಿ ವಿಲೀನವಾಗಬೇಕಿತ್ತು. ಸಮಾಪನಾಧಿಕಾರಿ ಬಂದು ಮೂರು ತಿಂಗಳಲ್ಲಿ ಪಟ್ಟಿ ಕೊಡಬೇಕು, ಪಟ್ಟಿ ತಲುಪಿದ ಎರಡು ತಿಂಗಳಲ್ಲಿ ನಿಗಮ ಹಣ ಕೊಡಬೇಕು. ಈ ಐದು ತಿಂಗಳಿಗೆ ಲೆಕ್ಕವಿತ್ತು. ಅದಕ್ಕೂ ಮುಂಚಿನ ಕಾಲಕ್ಕೆ ಲೆಕ್ಕವೇ ಇರಲಿಲ್ಲ. ನಿರ್ಬಂಧದ ಅವಧಿ ಸಾಮಾನ್ಯವಾಗಿ ಆರು ತಿಂಗಳು, ಮುಗಿದರೆ ಮತ್ತೆ ಮುಂದುವರಿಕೆ. ಬ್ಯಾಂಕು ಬದುಕಿದ್ದೂ ಇಲ್ಲ, ಸತ್ತದ್ದೂ ಇಲ್ಲ. ಮಗಳ ಮದುವೆ, ಕಣ್ಣಿನ ಆಪರೇಷನ್, ಬಿತ್ತನೆಯ ಬೀಜ ಯಾವುದೂ ಹೀಗೆ ಆರಾರು ತಿಂಗಳು ಕಾಯುವಂಥದ್ದಲ್ಲ.

ಈ ನಡುವೆ ಎರಡು ಬದಲಾವಣೆ ಆದವು. 1993ರಿಂದ ಒಂದು ಲಕ್ಷದಲ್ಲೇ ನಿಂತಿದ್ದ ವಿಮೆಯ ಮಿತಿಯನ್ನು 2020ರ ಫೆಬ್ರವರಿ 4ರಿಂದ ಐದು ಲಕ್ಷಕ್ಕೆ ಏರಿಸಿದರು. 2021ರ ಸೆಪ್ಟೆಂಬರ್ 1ರಿಂದ ನಿಗಮದ ಕಾಯ್ದೆಗೆ 18ಎ ಎಂಬ ಹೊಸ ಕಲಮು ಸೇರಿತು. ಬ್ಯಾಂಕು ಸಾಯುವ ತನಕ ಕಾಯದೆ, ನಿರ್ಬಂಧ ಬಿದ್ದ ತೊಂಬತ್ತು ದಿನದೊಳಗೆ ವಿಮೆಯ ಹಣ ಕೊಡಬೇಕು ಎನ್ನುವುದು ಅದರ ಸಾರ. ಅದಾಗಲೇ ನಿರ್ಬಂಧದಲ್ಲಿದ್ದ 21 ಬ್ಯಾಂಕುಗಳಿಗೂ ಇದನ್ನು ಅನ್ವಯಿಸಿದರು. ಆ ಪಟ್ಟಿಯಲ್ಲಿ ಕರ್ನಾಟಕದವು ಐದು: ಮುಧೋಳದ್ದು, ವಿಜಯಪುರದ ಡೆಕ್ಕನ್ ಅರ್ಬನ್, ಬೀದರಿನ ಮಹಿಳಾ ಅರ್ಬನ್, ದಾವಣಗೆರೆಯ ಮಿಲ್ಲತ್, ಬೆಂಗಳೂರಿನ ಗುರು ರಾಘವೇಂದ್ರ. ಹಣ ಕೊಡಲು ಗಡುವು ಇಟ್ಟದ್ದು 2021ರ ಕೊನೆಗೆ. ಮುಧೋಳದವರು ಆ ಹೊತ್ತಿಗೆ ಎರಡು ವರ್ಷಕ್ಕೂ ಮೇಲೆ ಕಾದಿದ್ದರು. 2022ರ ಜೂನ್ 8ರಂದು ರಿಸರ್ವ್ ಬ್ಯಾಂಕು ಆ ಬ್ಯಾಂಕಿನ ಪರವಾನಗಿಯನ್ನೇ ರದ್ದು ಮಾಡಿತು. ಅದರ ಠೇವಣಿದಾರರಲ್ಲಿ ನೂರಕ್ಕೆ 99ಕ್ಕೂ ಹೆಚ್ಚು ಮಂದಿ ಪೂರ್ತಿ ಹಣಕ್ಕೆ ಅರ್ಹರು ಎಂದು ಆಗ ಪ್ರಕಟಣೆ ಹೇಳಿತು. ಅಂದರೆ ಅಷ್ಟು ಜನರ ಪಾಲಿಗೆ ಕಳೆದುಹೋದದ್ದು ದುಡ್ಡಲ್ಲ, ಕಾಲ.

ಈಗ ಆ ತೊಂಬತ್ತು ದಿನ ಹೇಗೆ ಸಾಗುತ್ತವೆ ನೋಡೋಣ. ನಿರ್ಬಂಧ ಜೂನ್ 1ಕ್ಕೆ ಬಿತ್ತು ಎಂದಿಟ್ಟುಕೊಳ್ಳಿ. ಬ್ಯಾಂಕು 45 ದಿನದಲ್ಲಿ, ಅಂದರೆ ಜುಲೈ ನಡುವಿನೊಳಗೆ, ಯಾರಿಗೆ ಎಷ್ಟು ಬರಬೇಕು ಎಂಬ ಪಟ್ಟಿಯನ್ನು ನಿಗಮಕ್ಕೆ ಒಪ್ಪಿಸಬೇಕು. ಮುಂದಿನ 30 ದಿನ ನಿಗಮ ಅದನ್ನು ತಾಳೆ ನೋಡುತ್ತದೆ. ಆಮೇಲಿನ 15 ದಿನದಲ್ಲಿ, ಆಗಸ್ಟ್ ಕೊನೆಗೆ, ಹಣ ಬರುತ್ತದೆ. ಬ್ಯಾಂಕನ್ನು ಇನ್ನೊಂದರಲ್ಲಿ ವಿಲೀನ ಮಾಡುವ ಮಾತುಕತೆ ನಡೆದಿದ್ದರೆ ರಿಸರ್ವ್ ಬ್ಯಾಂಕು ಇನ್ನೂ 90 ದಿನ ಮುಂದೂಡಬಹುದು.

ಇದರಲ್ಲಿ ಠೇವಣಿದಾರರ ಪಾಲಿನ ಕೆಲಸ ಇರುವುದು ಮೊದಲ 45 ದಿನದಲ್ಲಿ, ತಪ್ಪುವುದೂ ಅಲ್ಲೇ. ಹಣ ತಾನಾಗಿ ಬರುವುದಿಲ್ಲ. "ವಿಮೆಯ ಹಣ ಪಡೆಯಲು ನನಗೆ ಒಪ್ಪಿಗೆ ಇದೆ" ಎಂಬ ಪತ್ರಕ್ಕೆ ಸಹಿ ಹಾಕಿ, ಗುರುತಿನ ದಾಖಲೆ ಮತ್ತು ಹಣ ಜಮಾ ಆಗಬೇಕಾದ ಬೇರೆ ಬ್ಯಾಂಕಿನ ಖಾತೆಯ ವಿವರ ಕೊಡಬೇಕು. ನಮ್ಮ ಚಿಗವ್ವನ ಕಡತ ಸಿಕ್ಕಿಕೊಂಡದ್ದು ಇಲ್ಲಿ. ರಸೀದಿಯಲ್ಲಿ ಆಕೆಯ ಹೆಸರಿನ ಕೊನೆಗೆ ಅವ್ವ, ಆಧಾರಿನಲ್ಲಿ ಬಾಯಿ. ರಸೀದಿಯಲ್ಲಿ ಗಂಡನ ಹೆಸರು, ಆಧಾರಿನಲ್ಲಿ ಮನೆತನದ ಅಡ್ಡಹೆಸರು. ಊರಿಗೆಲ್ಲ ಗೊತ್ತಿರುವ ಹೆಣ್ಣುಮಗಳು ಕಾಗದದಲ್ಲಿ ಇಬ್ಬರಾಗಿದ್ದಳು. ಅಫಿಡವಿಟ್ ಮಾಡಿಸಿ ಕೊಡುವ ಹೊತ್ತಿಗೆ ಮೊದಲ ಪಟ್ಟಿ ಹೊರಟುಹೋಗಿತ್ತು. ನಿಮ್ಮ ಬ್ಯಾಂಕು ಇವತ್ತು ಗಟ್ಟಿಯಾಗಿಯೇ ಇರಬಹುದು. ಆದರೂ ಮನೆಗೆ ಹೋದ ಮೇಲೆ ರಸೀದಿಯನ್ನೂ ಆಧಾರನ್ನೂ ಪಕ್ಕಪಕ್ಕ ಇಟ್ಟು ಹೆಸರನ್ನು ಅಕ್ಷರಶಃ ಓದಿ ನೋಡಿ. ನಾಮಿನಿಯ ಹೆಸರು ಬರೆಸಿದ್ದೀರಾ ಎಂಬುದನ್ನೂ ನೋಡಿ. ಖಾತೆದಾರ ತೀರಿಹೋಗಿ ನಾಮಿನಿಯೂ ಇಲ್ಲದ ಕಡತ ಎಲ್ಲಕ್ಕಿಂತ ಹಿಂದೆ ಉಳಿಯುತ್ತದೆ.

ಐದು ಲಕ್ಷ ಅಂದರೆ ಏನು ಎಂಬುದರಲ್ಲೂ ತಪ್ಪು ತಿಳಿವಳಿಕೆ ಬಹಳ. ಅದು ಅಸಲು ಬಡ್ಡಿ ಕೂಡಿ ಐದು ಲಕ್ಷ. ಚಿಗವ್ವನ ಅಸಲು 4,80,000, ಬಡ್ಡಿ ಸೇರಿ 5,32,000 ಆಗಿತ್ತು. ವಿಮೆ ಮುಟ್ಟಿದ್ದು ಐದು ಲಕ್ಷಕ್ಕೆ ಮಾತ್ರ. ಒಂದೇ ಬ್ಯಾಂಕಿನ ಎರಡು ಶಾಖೆಯಲ್ಲಿ ಹಂಚಿ ಇಟ್ಟರೆ ಮಿತಿ ಎರಡಾಗುವುದಿಲ್ಲ, ಬೇರೆ ಬೇರೆ ಬ್ಯಾಂಕಿನಲ್ಲಿ ಇಟ್ಟರೆ ಆಗುತ್ತದೆ. ಗಂಡನ ಹೆಸರಿನದು, ಹೆಂಡತಿಯ ಹೆಸರಿನದು, ಇಬ್ಬರ ಜಂಟಿ ಹೆಸರಿನದು ಬೇರೆ ಬೇರೆ ಲೆಕ್ಕ. ಅದೇ ಬ್ಯಾಂಕಿನಲ್ಲಿ ನಿಮ್ಮ ಸಾಲವಿದ್ದರೆ ಅದನ್ನು ಕಳೆದು ಉಳಿದದ್ದಕ್ಕೆ ವಿಮೆ: ಆರು ಲಕ್ಷ ಠೇವಣಿ, ಒಂದೂವರೆ ಲಕ್ಷ ಸಾಲ ಇದ್ದವರಿಗೆ ಬರುವುದು ನಾಲ್ಕೂವರೆ ಲಕ್ಷ. ಬ್ಯಾಂಕಿಗೆ ಬೀಗ ಬಿತ್ತು, ಇನ್ನು ಸಾಲದ ಕಂತು ಕಟ್ಟಬೇಕಿಲ್ಲ ಎಂದು ಕೆಲವರು ಸುಮ್ಮನಾಗುತ್ತಾರೆ. ಬೀಗ ಬೀಳುವುದು ಹಣ ಹೊರಹೋಗುವ ದಾರಿಗೆ, ಒಳಬರುವ ದಾರಿಗಲ್ಲ. ಬಡ್ಡಿ ಓಡುತ್ತಲೇ ಇರುತ್ತದೆ.

ಇಷ್ಟೆಲ್ಲ ಹೇಳಿದ್ದು ಬ್ಯಾಂಕಿನ ಮಾತು. ನನ್ನ ನಿಜವಾದ ಚಿಂತೆ ಬೇರೆಯದು. ಬಾಗಲಕೋಟೆ, ಇಳಕಲ್ಲು, ಹುನಗುಂದ, ಬಾದಾಮಿ ಯಾವ ಪೇಟೆಗೆ ಹೋದರೂ ಪತ್ತಿನ ಸಹಕಾರಿ ಸಂಘಗಳ, ಸೌಹಾರ್ದ ಸಹಕಾರಿಗಳ ಫಲಕ ಕಾಣುತ್ತದೆ. ನೇಕಾರರ ಪಿಗ್ಮಿ ಹಣ ಅಲ್ಲಿಗೂ ಹೋಗುತ್ತದೆ. ಕೌಂಟರು ಅದೇ, ಪಾಸ್‌ಬುಕ್ಕು ಅದೇ, ಬಡ್ಡಿ ಹಲವು ಕಡೆ ತುಸು ಹೆಚ್ಚೇ. ಆದರೆ ಅವು ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ಬ್ಯಾಂಕುಗಳಲ್ಲ, ಸಹಕಾರ ಕಾಯ್ದೆಗಳಡಿ ನೋಂದಾಯಿಸಿದ ಸಂಘಗಳು. ಅಲ್ಲಿನ ಠೇವಣಿಗೆ ಈ ವಿಮೆ ಇಲ್ಲ. ತೊಂಬತ್ತು ದಿನವೂ ಇಲ್ಲ, ಐದು ಲಕ್ಷವೂ ಇಲ್ಲ. 1905ರಲ್ಲಿ ಗದಗಿನ ಪಕ್ಕದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದಾಗ ಕೊಡುವವರು ಕೊಳ್ಳುವವರು ಒಂದೇ ಊರಿನವರು, ಯಾರ ಹೊಲದಲ್ಲಿ ಏನು ಬೆಳೆದಿದೆ ಎಂದು ಎಲ್ಲರಿಗೂ ಕಾಣುತ್ತಿತ್ತು. ಇವತ್ತು ನಾವು ಹಣ ಇಡುವ ಸಂಘ ಯಾರಿಗೆ ಸಾಲ ಕೊಟ್ಟಿದೆ ಎಂದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಠೇವಣಿ ಇಡುವ ಮುಂಚೆ ಒಂದೇ ಪ್ರಶ್ನೆ ಕೇಳಿ: "ಇದಕ್ಕೆ ಠೇವಣಿ ವಿಮೆ ಐತೇನ್ರೀ?" ನೋಂದಣಿ ಪತ್ರ ತೋರಿಸಿದರೆ ಅದು ಉತ್ತರವಲ್ಲ. ವಿಮೆ ಇರುವ ಬ್ಯಾಂಕುಗಳ ಪಟ್ಟಿ ನಿಗಮದ ಬಳಿ ಇದೆ. ಅದರಲ್ಲಿ ಹೆಸರಿದ್ದರೆ ಇದೆ, ಇಲ್ಲದಿದ್ದರೆ ಇಲ್ಲ.

ಚಿಗವ್ವನ ಮಾತು ಅರ್ಧಕ್ಕೆ ಬಿಟ್ಟೆ. ಆಕೆಯ ಐದು ಲಕ್ಷ ಎರಡನೇ ಪಟ್ಟಿಯಲ್ಲಿ ಬಂತು. ಉಳಿದ 32,000ಕ್ಕೆ ಕಾಯಬೇಕು. ಬ್ಯಾಂಕು ಸಮಾಪನೆಗೆ ಹೋದರೆ ಬಾಕಿ ಸಾಲ ವಸೂಲಿ ಮಾಡಿ, ಆಸ್ತಿ ಮಾರಿ ಬಂದ ಹಣದಲ್ಲಿ ವಿಮಾ ನಿಗಮ ಕೊಟ್ಟದ್ದನ್ನು ಮೊದಲು ತೀರಿಸಬೇಕು, ಆಮೇಲೆ ಉಳಿದರೆ ಇವರ ಸರದಿ. ಇದನ್ನೂ ಆಕೆಗೆ ಬಿಡಿಸಿ ಹೇಳಿದ್ದೇನೆ. ಆಕೆ ಆ ಹಳೆಯ ರಸೀದಿಯ ಝೆರಾಕ್ಸನ್ನು ಅದೇ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಟ್ರಂಕಿನಲ್ಲಿ ಖಣದ ಸೀರೆಗಳ ಕೆಳಗೆ ಇಟ್ಟಿದ್ದಾಳೆ. ಮಗನ ಹೆಸರನ್ನು ನಾಮಿನಿಯಾಗಿ ಬರೆಸಲು ಮೊನ್ನೆ ನನ್ನನ್ನು ಕರೆದುಕೊಂಡು ಹೊಸ ಬ್ಯಾಂಕಿಗೆ ಹೋಗಿದ್ದಳು. ಫಾರ್ಮು ತುಂಬುವ ಹುಡುಗಿಗೆ ತಾನೇ ಹೇಳಿದಳು: "ಆಧಾರದಾಗ ಹ್ಯಾಂಗೈತಿ ಹಂಗ ಬರೀವ್ವ, ಒಂದಕ್ಷರ ಹೆಚ್ಚು ಕಮ್ಮಿ ಆಗಬಾರದು."