ಯಾವ ಸಿದ್ದಾಪುರ?

ಮದುವೆಯ ಮುನ್ನಾದಿನ, ರಾತ್ರಿ ಒಂಬತ್ತು. ಮನೆಮಂದಿಯ ವಾಟ್ಸಾಪ್ ಬಳಗದಲ್ಲಿ ಹೀಗೊಂದು ಕಥೆ.

ಶಿರಸಿಯ ಅತ್ತೆ: "ಮಲ್ಲಿಗೆ ಇನ್ನೂ ಬೈಂದಿಲ್ಲೆ!"

ಉಡುಪಿಯಿಂದ ಹೊರಟ ಭಾವ: "ಸಿದ್ದಾಪುರದಲ್ಲೇ ನಿಂತಿದ್ದಿ. ಚಪ್ಪರವೇ ಕಾಣ್ತಿಲ್ಲೆ."

ದೊಡ್ಡಪ್ಪ: "ಅಂಗಡಿ ಬೋರ್ಡಲ್ಲಿ ಎಂತ ಇದ್ದು?"

ಭಾವ: "ಕುಂದಾಪುರ ತಾಲೂಕು."

ಯಲ್ಲಾಪುರದ ಅಜ್ಜಿಯ ಧ್ವನಿ: "ಅಯ್ಯೋ ತಮಾ, ನೀ ಘಟ್ಟ ಹತ್ತಿದ್ದೇ ಇಲ್ಲೆ!"

ಭಾವ: "ಮ್ಯಾಪಿಗೆ ಬರೀ ಸಿದ್ದಾಪುರ ಹೇಳಿ ಹಾಕಿದ್ದಿ."

ದೊಡ್ಡಪ್ಪ: "ಹೊಸಂಗಡಿ ಮೇಲೆ ಬಾಳೆಬರೆ ಘಾಟಿ ಹತ್ತು. ನಗರ, ಹೊಸನಗರ, ಸಾಗರ ದಾಟಿದ್ರೆ ನಮ್ಮ ಸಿದ್ದಾಪುರ. ಮಧ್ಯರಾತ್ರಿ ಆಗ್ತು."

ಮದುಮಗಳು: "ಹೂ ಬಾಡ್ತಾ?"

ಅತ್ತೆ: "ಬಾಳೆ ಎಲೆ ಬಿಚ್ಚಡ, ನೀರು ಚಿಮುಕಿಸು. ಬೆಳಗಿನವರೆಗೂ ತಡೀತು."

ಭಾವ: "ಊಟ?"

ಅಜ್ಜಿ: "ಅಪ್ಪೆಹುಳಿ ತೆಗೆದಿಟ್ಟಿದ್ದಿ. ಸಾಗರ ಬಂದಾಗ ಹೇಳು, ಅನ್ನ ಬಿಸಿ ಮಾಡ್ತಿ."